ಬಟ್ಟಪ್ಪಾಡಿಯಲ್ಲಿ ಎಣ್ಣೆ ಸೋರಿದ್ದರೆ: ಒಂದು ಪ್ರಕರಣ ಅಧ್ಯಯನ

(ಪದವಿ ತರಗತಿಯ ಚರ್ಚೆಗೆ)

2022ರ ಜೂನ್. ಉಳ್ಳಾಲದ ಉಚ್ಚಿಲ ಬಟ್ಟಪ್ಪಾಡಿ ಹತ್ತಿರ ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗಿಗೆ ನೀರು ನುಗ್ಗಿ ತಳಕ್ಕೆ ಕೂತಿತು. ಒಳಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ. ಸಿರಿಯಾದ 15 ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಪಾರು ಮಾಡಿತು. ಉಕ್ಕು ಮುಳುಗಿದರೆ ಮುಳುಗಲಿ, ಭಯ ಇದ್ದದ್ದು ಹಡಗಿನ ಇಂಧನದ್ದು. ಪುಣ್ಯಕ್ಕೆ ದೊಡ್ಡ ಸೋರಿಕೆ ಆಗಲಿಲ್ಲ. ಆಗಿದ್ದರೆ?

ಯಾರಿಗೆ ಪೆಟ್ಟು

ಎಣ್ಣೆ ಮೆತ್ತಿದ ಹಕ್ಕಿಯ ಫೋಟೊ ಎಲ್ಲರೂ ನೋಡಿರುತ್ತೀರಿ. ಗರಿ ಅಂಟಿಕೊಂಡರೆ ನೀರು ಒಳಗಿಳಿಯುತ್ತದೆ, ಹಕ್ಕಿ ಚಳಿಗೇ ಸಾಯುತ್ತದೆ. ಕಡಲಾಮೆ ಉಸಿರಿಗಾಗಿ ಮೇಲೆ ಬರಲೇಬೇಕು, ಬಂದಾಗ ಎಣ್ಣೆಯಲ್ಲೇ ತಲೆ ಎತ್ತುತ್ತದೆ. ಆದರೆ ಫೋಟೊಗೆ ಸಿಗದ ನಷ್ಟ ಜಾಸ್ತಿ. ಎಷ್ಟೋ ಮೀನುಗಳ ಮೊಟ್ಟೆ, ಮರಿಗಳು ನೀರಿನ ಮೇಲ್ಪದರದಲ್ಲೇ ತೇಲುತ್ತವೆ. ಎಣ್ಣೆಯ ಕೆಲವು ರಾಸಾಯನಿಕಗಳು ಮೊಟ್ಟೆಯೊಳಗಿನ ಮರಿಯ ಹೃದಯವನ್ನೇ ಕೆಡಿಸುತ್ತವೆ. ಬೆಳೆದ ಬಂಗುಡೆ ಈಜಿ ತಪ್ಪಿಸಿಕೊಳ್ಳಬಹುದು, ಮೊಟ್ಟೆ ಎಲ್ಲಿಗೆ ಹೋಗಬೇಕು?

ಬಂಡೆಗೆ ಕಚ್ಚಿಕೊಂಡ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ನೋಡಿ. ಅದು ದಿನವಿಡೀ ನೀರು ಎಳೆದು, ಸೋಸಿ, ಬಿಡುತ್ತದೆ. ಎಣ್ಣೆಯ ಹನಿಯೂ ಆಹಾರದ ಜೊತೆ ಒಳಗೆ ಹೋಗುತ್ತದೆ. ಮೀನಿನ ಪಿತ್ತಜನಕಾಂಗ ಈ ವಿಷವನ್ನು ಒಂದಷ್ಟು ಒಡೆದು ಹೊರಹಾಕುತ್ತದೆ. ಪಚ್ಚಿಲೆಗೆ ಆ ಶಕ್ತಿ ತುಂಬಾ ಕಡಿಮೆ. ಇನ್ನೊಂದು ಚಿಪ್ಪುಜೀವಿ ಮರುವಾಯಿಯದ್ದೂ ಇದೇ ಕಥೆ. ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ, ಸುಕ್ಕ ಮಾಡಿದರೆ ಸೀಮೆಎಣ್ಣೆ ವಾಸನೆ.

ಯಾವ ಎಣ್ಣೆ ಅನ್ನುವುದೂ ಮುಖ್ಯ. ಡೀಸೆಲ್‌ಗೆ ವಿಷ ಜಾಸ್ತಿ, ಆದರೆ ಬಹುಪಾಲು ಕೆಲವೇ ದಿನಗಳಲ್ಲಿ ಆವಿಯಾಗಿ, ನೀರಲ್ಲಿ ಬೆರೆತು ಚದುರುತ್ತದೆ. ಹಡಗಿನ ಗಟ್ಟಿ ಇಂಧನವಾದ ಫರ್ನೇಸ್ ಆಯಿಲ್ ಹಾಗಲ್ಲ, ಬಂದವನು ಹೋಗುವುದಿಲ್ಲ.

ಬೇಲಿ, ಬಕೆಟ್, ಬೆಂಕಿ

ಮೊದಲ ಉಪಾಯ ಬೂಮ್, ಅಂದರೆ ನೀರ ಮೇಲೆ ತೇಲುವ ಬೇಲಿ. ತರಗತಿಯಲ್ಲಿ ನಾವು ಬೇಸಿನ್‌ನಲ್ಲಿ ಹಳೆ ಎಂಜಿನ್ ಆಯಿಲ್ ಸುರಿದು, ತೆಂಗಿನ ನಾರಿನ ಹಗ್ಗ ಸುತ್ತಿ ನೋಡಿದೆವು. ನೀರು ಸುಮ್ನಿದ್ದಾಗ ಎಣ್ಣೆ ಹಗ್ಗದೊಳಗೇ ನಿಂತಿತು. ಒಬ್ಬಳು ಬೇಸಿನ್ ಸ್ವಲ್ಪ ಅಲುಗಿಸಿದಳು, ಅಷ್ಟೇ, ಎಣ್ಣೆ ಅಡಿಯಿಂದ ನುಸುಳಿ ಆಚೆ ಬಂತು. ಕಡಲಲ್ಲೂ ಇದೇ. ನೀರಿನ ಸೆಳೆತ ಬೂಮ್‌ಗೆ ನೇರ ಅಡ್ಡವಾಗಿ ಸುಮಾರು 0.7 ನಾಟ್ ದಾಟಿದರೆ ಎಣ್ಣೆ ಕೆಳಗಿಂದ ಜಾರುತ್ತದೆ. ಅದು ಸೆಕೆಂಡಿಗೆ ಒಂದಡಿಗಿಂತ ಚೂರು ಜಾಸ್ತಿ, ಅಷ್ಟೇ. ಮಳೆಗಾಲದಲ್ಲಿ ನೇತ್ರಾವತಿ ಅಳಿವೆ ಬಾಗಿಲು ನೋಡಿದವರಿಗೆ ಮುಂದೆ ಹೇಳಬೇಕಾಗಿಲ್ಲ.

ಬೇಲಿಯೊಳಗೆ ನಿಂತದ್ದನ್ನು ಸ್ಕಿಮ್ಮರ್ ಯಂತ್ರ ಎತ್ತಬೇಕು. ಅಲೆಗೆ ಸಿಕ್ಕ ಎಣ್ಣೆ ನೀರನ್ನು ಕುಡಿದು ಹಿಟ್ಟಿನಂತೆ ಗಟ್ಟಿಯಾಗುತ್ತದೆ, ಪಂಪು ಕಟ್ಟಿಕೊಳ್ಳುತ್ತದೆ. 2017ರ ಜನವರಿ 28ರಂದು ಚೆನ್ನೈನ ಎನ್ನೋರ್ ಹತ್ತಿರ ಎರಡು ಹಡಗು ಡಿಕ್ಕಿಯಾದಾಗ ಇದನ್ನೇ ಕಂಡೆವು. ಕೊನೆಗೆ ಜನ ಬಕೆಟ್ ಹಿಡಿದು ಕೈಯಲ್ಲೇ ಬಾಚಿದರು. ಕಡಲಲ್ಲಿ ಚೆಲ್ಲಿದ ಎಣ್ಣೆಯಲ್ಲಿ ಯಂತ್ರಗಳಿಂದ 10-15 ಶೇಕಡಕ್ಕಿಂತ ಜಾಸ್ತಿ ವಾಪಸ್ ಸಿಗುವುದೇ ಅಪರೂಪ.

ಸುಡಬಹುದಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪದರ 2-3 ಮಿಲಿಮೀಟರ್ ದಪ್ಪ ಇರಬೇಕು, ಎಣ್ಣೆ ಹೊಸದಿರಬೇಕು, ಕಡಲು ಶಾಂತ ಇರಬೇಕು. ಹೊಗೆ ಸೀದಾ ಉಚ್ಚಿಲದ ಮನೆಗಳಿಗೆ.

ಡಿಸ್ಪರ್ಸೆಂಟ್ ಎಂಬ ರಾಸಾಯನಿಕ ಪಾತ್ರೆ ತೊಳೆಯುವ ಸೋಪಿನಂತೆ ಎಣ್ಣೆಯನ್ನು ಸಣ್ಣ ಹನಿ ಮಾಡುತ್ತದೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಣ್ಣೆಬಾವಿ ದುರಂತದಲ್ಲಿ ಸುಮಾರು 70 ಲಕ್ಷ ಲೀಟರ್ ಬಳಸಿದರು. ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ಅದು ಹೋಗಿರುವುದಿಲ್ಲ, ಕೆಳಗಿಳಿದಿರುತ್ತದೆ. ಆಳದ ಕಡಲಲ್ಲಿ ಹರಡಿ ತೆಳುವಾಗಬಹುದು. ದಡದ ಹತ್ತಿರದ ತೆಳು ನೀರಲ್ಲಿ ನೇರ ಮರುವಾಯಿಯ ಬಾಯಿಗೆ. ನನ್ನ ಪ್ರಕಾರ ಬಟ್ಟಪ್ಪಾಡಿಯಲ್ಲಿ ಇದನ್ನು ಮುಟ್ಟಲೇಬಾರದು.

ದಡಕ್ಕೆ ಬಂದ ಮೇಲೆ ಉಳಿಯುವುದು ಹಾರೆ, ಬುಟ್ಟಿ. ಮರಳು ಎತ್ತಬಹುದು. ಆದರೆ ಕಡಲ್ಕೊರೆತಕ್ಕೆಂದು ಸುರಿದ ಬಂಡೆಗಳ ಸಂದಿಗೆ ಹೋದ ಎಣ್ಣೆಯನ್ನು ಎತ್ತುವವರು ಯಾರು? ಬಿಸಿನೀರು ರಭಸದಿಂದ ಹೊಡೆದರೆ ಬಂಡೆ ಹೊಳೆಯುತ್ತದೆ. 1989ರಲ್ಲಿ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ಎಣ್ಣೆಯನ್ನು ಹಾಗೆ ತೊಳೆದಾಗ, ಎಣ್ಣೆಗೂ ಸಾಯದೆ ಉಳಿದ ಜೀವಿಗಳು ಬಿಸಿನೀರಿಗೆ ಸತ್ತವು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಕೊನೆಯ ಕೊಳೆಗೆ ಒಳ್ಳೆಯದು, ಆದರೆ ತಿಂಗಳುಗಟ್ಟಲೆ ಬೇಕು. ಅಲೆ ಬಡಿಯುವ ಜಾಗದಲ್ಲಿ ಹಾಕಿದರೆ ತೊಳೆದೇ ಹೋಗುತ್ತದೆ.

ಚರ್ಚೆಗೆ

ಇವೆಲ್ಲಕ್ಕಿಂತ ಮೇಲು, ಸೋರುವ ಮೊದಲೇ ಟ್ಯಾಂಕಿಯಿಂದ ಎಣ್ಣೆ ಎತ್ತಿಬಿಡುವುದು. ಮುಳುಗುಗಾರರು ಇಳಿದು ಟ್ಯಾಂಕಿಗೆ ಕೊಳವೆ ಜೋಡಿಸಬೇಕು, ಗಟ್ಟಿ ಎಣ್ಣೆಯನ್ನು ಬಿಸಿ ಮಾಡಿ ಎಳೆಯಬೇಕು. ಅದಕ್ಕೂ ಕಡಲು ಸುಮ್ನಿರಬೇಕು. ಜೂನ್‌ನಲ್ಲಿ ಕೂತ ಹಡಗಿಗೆ ಆ ದಿನ ಬರಲು ಮಳೆಗಾಲ ಕಳೆಯಬೇಕು. ಯಾಂತ್ರೀಕೃತ ಬೋಟುಗಳಿಗೆ ಜುಲೈ ಕೊನೆವರೆಗೆ ನಿಷೇಧ, ಆದರೆ ನಾಡದೋಣಿಯವರು ಇಳಿಯುವುದು ಇದೇ ತಿಂಗಳುಗಳಲ್ಲಿ. ಅಷ್ಟು ದಿನ ಆ ಹಡಗಿನ ಪಕ್ಕದಲ್ಲಿ ಬಲೆ ಹಾಕಬಹುದೇ, ಬೇಡವೇ? ಬೇಡ ಎಂದರೆ ಅವರ ದಿನಗೂಲಿ ಯಾರು ಕೊಡಬೇಕು? ಎರಡು ಪುಟ ಬರೆದು ತನ್ನಿ.