ನಿನ್ನ ಕೆಮಿಸ್ಟ್ರಿ ಪೇಪರ್: ಅಂಕ ಎಲ್ಲಿ ಹೋಯಿತು

ಸಿಂಚನಾ,

ನೀನು ಕಳಿಸಿದ ನಾಲ್ಕೂ ಫೋಟೋ ನೋಡಿದೆ. ಸದ್ಯಕ್ಕೆ 35ಕ್ಕೆ 28. ಇನ್ನೆರಡು ಅಂಕ ನನ್ನ ಹತ್ತಿರ ಬಾಕಿ ಇದೆ, ಅದು ಯಾಕೆಂದು ಕೊನೆಗೆ ಹೇಳುತ್ತೇನೆ.

ಮೊದಲು 8ನೇ ಪ್ರಶ್ನೆ. ಹೋದ 2 ಅಂಕಕ್ಕೆ ನನಗೇ ಬೇಜಾರಾಯಿತು. 0.01 M NaOH ದ್ರಾವಣದ pH 2 ಎಂದು ಬರೆದಿದ್ದೀಯ. ಲಾಗ್ ಸರಿಯಾಗಿಯೇ ತೆಗೆದಿದ್ದೀಯ, ಅದಕ್ಕೆ 1 ಅಂಕ ಕೊಟ್ಟಿದ್ದೇನೆ. ಆದರೆ NaOH ಕೊಡುವುದು OH⁻ ಅಯಾನು, ಹಾಗಾಗಿ ನಿನಗೆ ಸಿಕ್ಕ 2 ಅನ್ನುವುದು pOH. 25 °C ನಲ್ಲಿ 14ರಿಂದ ಅದನ್ನು ಕಳೆದರೆ pH 12. ಪ್ರತ್ಯಾಮ್ಲದ pH 7ಕ್ಕಿಂತ ಜಾಸ್ತಿ ಎಂದು 1ನೇ ಪ್ರಶ್ನೆಯಲ್ಲಿ ನೀನೇ ಬರೆದಿದ್ದೀಯ, ಅಲ್ವಾ?

6ನೇ ಪ್ರಶ್ನೆಯದೂ ಇಂಥದ್ದೇ ಕಥೆ. 4.9 ಗ್ರಾಂ H₂SO₄ ಅನ್ನು 98ರಿಂದ ಭಾಗಿಸಿ 0.05 ಮೋಲ್ ತೆಗೆದದ್ದು ಸರಿ. ಆಮೇಲೆ 250 ಮಿ.ಲೀ. ಅನ್ನು ಲೀಟರ್‌ಗೆ ಬದಲಿಸದೆ ಹಾಗೇ ಭಾಗಿಸಿಬಿಟ್ಟೆ. 0.05 ÷ 0.25 = 0.2 M ಬರಬೇಕಿತ್ತು, ನಿನಗೆ 0.0002 ಬಂದಿದೆ. ವಿಧಾನ ಗೊತ್ತಿದೆ ಎಂದು ಕಾಣುತ್ತದೆ, ಅದಕ್ಕೆ 1 ಅಂಕ ಮಾತ್ರ ಕಳೆದೆ.

3ನೇ ಪ್ರಶ್ನೆಯಲ್ಲಿ 2 ಅಂಕ ಹೋಗಿದೆ. ನೀನು ಬರೆದದ್ದು:

Fe₃ + 4H₂O(l) → Fe₃O₄ + 4H₂

ಪರಮಾಣುಗಳ ಲೆಕ್ಕ ಎರಡೂ ಕಡೆ ಹೊಂದುತ್ತದೆ, ನಿಜ. ಆದರೆ Fe₃ ಎಂದರೆ ಮೂರು ಪರಮಾಣು ಸೇರಿದ ಒಂದು ಅಣು ಎಂದಾಗುತ್ತದೆ, ಕಬ್ಬಿಣ ಹಾಗಿರುವುದಿಲ್ಲ. ಸರಿದೂಗಿಸುವಾಗ ಮುಂದಿನ ಅಂಕಿಯನ್ನು ಮಾತ್ರ ಬದಲಿಸಬೇಕು, ಕೆಳಗಿನ ಪುಟ್ಟ ಅಂಕಿಯನ್ನು ಮುಟ್ಟಬಾರದು. 3Fe ಎಂದು ಬರೆ. ಇನ್ನೊಂದು, ಪ್ರಶ್ನೆಯಲ್ಲಿ ನೀರಾವಿ ಎಂದಿದೆ. ಅಲ್ಲಿ (g) ಬರಬೇಕು.

ಕ್ಲೋರಿನ್‌ನ ಸರಾಸರಿ ಪರಮಾಣು ರಾಶಿಯ ಲೆಕ್ಕ ನೋಡಿ ಮಾತ್ರ ಖುಷಿಯಾಯಿತು. 35.5 ಬಂದ ಮೇಲೆ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ‘35, 37ರ ಮಧ್ಯೆ ಇದೆ, ಸರಿ’ ಎಂದು ಗೀಚಿದ್ದೀಯ. ನಾನು ಹೇಳಿಕೊಟ್ಟಿರಲಿಲ್ಲ ಅದನ್ನು! pH ಲೆಕ್ಕದ ಪಕ್ಕದಲ್ಲೂ ಅಂಥ ಒಂದು ಸಾಲು ಗೀಚಿದ್ದರೆ 2 ಕಂಡ ಕೂಡಲೇ ನಿನಗೇ ಅನುಮಾನ ಬರುತ್ತಿತ್ತು.

ಈಗ ಬಾಕಿ ಅಂಕದ ವಿಷಯ. ನಾಲ್ಕನೇ ಫೋಟೋದಲ್ಲಿ ಹಾಳೆಯ ಕೆಳಭಾಗ ಕತ್ತರಿಸಿ ಹೋಗಿದೆ. ಅಮೋನಿಯಾ ಪ್ರಶ್ನೆಯಲ್ಲಿ ‘ಒತ್ತಡ ಹೆಚ್ಚಿಸಿದರೆ ಸಮತೋಲನ ಬಲಕ್ಕೆ ಸರಿಯುತ್ತದೆ, ಏಕೆಂದರೆ’ ಅನ್ನುವವರೆಗೆ ಮಾತ್ರ ಕಾಣುತ್ತದೆ. ಆ ‘ಏಕೆಂದರೆ’ಗೇ ಇರುವುದು 2 ಅಂಕ. ಸುಮ್ನೆ ಊಹೆ ಮಾಡಿ ಕೊಡಲೂ ಮನಸ್ಸಿಲ್ಲ, ಕಳೆಯಲೂ ಮನಸ್ಸಿಲ್ಲ. ಎರಡನೇ ಪುಟದ ಮೇಲೆ ನಿನ್ನ ಕೈ ನೆರಳೂ ಬಿದ್ದಿದೆ, ಹೇಗೋ ದೊಡ್ಡದು ಮಾಡಿ ಓದಿಕೊಂಡೆ.

ಕಿಟಕಿ ಹತ್ತಿರ ಹಾಳೆ ಇಟ್ಟು, ನಾಲ್ಕೂ ಮೂಲೆ ಕಾಣುವ ಹಾಗೆ ಆ ನಾಲ್ಕನೇ ಪುಟದ ಫೋಟೋ ಮಾತ್ರ ನಾಳೆ ಸಂಜೆಯೊಳಗೆ ಕಳಿಸಮ್ಮ. ಬರೆದದ್ದನ್ನು ತಿದ್ದಬೇಡ, ಇದ್ದ ಹಾಗೇ ಇರಲಿ.