ನಾಲ್ಕನೇ ಮಹಡಿಯ ಫ್ರಿಜ್

ಮೊದಲ ಚೀಟಿ ಜಗಳದ್ದು. "ನನ್ನ ಮೊಸರನ್ನದ ದಾಳಿಂಬೆ ಕಾಳು ತಿಂದವರು ಯಾರು?" ಹಳದಿ ಕಾಗದ, ಹಸಿರು ಇಂಕು.

ತಿಂದಿದ್ದು ನಾನೇ. ಅದರ ಕೆಳಗೇ ಬರೆದೆ: "ತಪ್ಪಾಯ್ತು. ಅನ್ನ ಮುಟ್ಟಿಲ್ಲ, ಆಣೆ."

ಮರುದಿನ ಡಬ್ಬಿಯ ಪಕ್ಕ ಒಂದು ಪುಟ್ಟ ಬಟ್ಟಲು. "ಕಳ್ಳರ ಪಾಲು. ಹತ್ತು ಕಾಳು, ಎಣಿಸಿದೀನಿ."

ನಾನೂ ಎಣಿಸಿದೆ. ಬೇರೆ ಕೆಲಸ ಇರಲಿಲ್ಲ ಅಂತಲ್ಲ, ಸುಮ್ನೆ. "ಹನ್ನೊಂದಿದೆ. ನೀವು ಅಕೌಂಟ್ಸ್‌ನವರಲ್ಲ ತಾನೇ?"

"ಅಕೌಂಟ್ಸೇ. ಒಂದು ಬಡ್ಡಿ."

ಶುಕ್ರವಾರ ಪ್ಯಾಂಟ್ರಿ ಅಕ್ಕ ಫ್ರಿಜ್ ಬಾಗಿಲು ಒರೆಸಿದರು. ಹಳೇ ಬರ್ತ್‌ಡೇ ಫೋಟೋ, ಪಿಜ್ಜಾ ಮೆನು ಎಲ್ಲಾ ಕಸದ ಬುಟ್ಟಿಗೆ. ನಮ್ಮ ಚೀಟಿಗಳನ್ನು ಮಾತ್ರ ಒಂದರ ಮೇಲೊಂದು ಜೋಡಿಸಿ, ಮಾವಿನಹಣ್ಣಿನ ಮ್ಯಾಗ್ನೆಟ್ ಒತ್ತಿ ಇಟ್ಟಿದ್ದರು.

ಅವತ್ತು ಸಂಜೆ ಲಿಫ್ಟಿನಲ್ಲಿ ಒಬ್ಬರು ನಿಂತಿದ್ದರು. ತೋರುಬೆರಳಿಗೆ ಹಸಿರು ಇಂಕು. ನಾನು ಮಹಡಿ ನಂಬರ್ ನೋಡಿದೆ. ಅವರೂ ಅದನ್ನೇ ನೋಡಿದರು. ನಾಲ್ಕು, ಮೂರು, ಎರಡು. ಇಷ್ಟು ಬೇಗ ಇಳಿಯುವ ಲಿಫ್ಟನ್ನು ನಾನು ಕಂಡಿಲ್ಲ.

ಸೋಮವಾರ: "ನೀಲಿ ಶರ್ಟು ಚೆನ್ನಾಗಿತ್ತು. ಕಾಲರ್ ಮೇಲಿನ ಸಾಂಬಾರ್ ಕೂಡ."

ಮಂಗಳವಾರ ಎರಡು ಮದ್ದೂರು ವಡೆ ಇಟ್ಟೆ. "ಒಂದು ನಿಮ್ಮದು. ಇನ್ನೊಂದೂ ನಿಮ್ಮದೇ, ಬಡ್ಡಿ."

ಸಂಜೆ ಒಂದು ಉಳಿದಿತ್ತು. ಅಂಚು ಮುರಿದಿತ್ತು.

"ನಿಮಗೆ ಒಂದು ಬಿಟ್ಟಿದೀನಿ. ರುಚಿ ನೋಡಿ ಬಿಟ್ಟಿದ್ದು, ಪರವಾಗಿಲ್ಲ ಅಲ್ವಾ?"