ಮಳಿಗೆಯ ಹಿಂಪರದೆ, ಮೇಜಿನ ಮುಂಬಟ್ಟೆ: ಮುದ್ರಣಕ್ಕೆ ಅಂತಿಮ ವಿನ್ಯಾಸ

ಹಿಂಪರದೆ: ಅಗಲ 10 ಅಡಿ, ಎತ್ತರ 8 ಅಡಿ. ಬಟ್ಟೆಯ ಮೇಲೆಯೇ ಮುದ್ರಿಸಿ. ಹೊಳೆಯುವ ಫ್ಲೆಕ್ಸ್ ಬೇಡ, ಸ್ಪಾಟ್‌ಲೈಟ್ ಬಿದ್ದರೆ ಅಕ್ಷರ ಕಾಣುವುದಿಲ್ಲ. ನೆಲದಿಂದ 6 ಅಡಿ ಮೇಲೆ, 6 ಇಂಚಿನ ಅಕ್ಷರ:

ಚನ್ನಪಟ್ಟಣದ ಮರದ ಆಟಿಕೆ

ಕೆಳಗೆ, 3 ಇಂಚಿನಲ್ಲಿ:

ಆಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿದ್ದು

ಎರಡು ಸಾಲಿನ ನಡುವೆ 5 ಇಂಚು ಬಿಡಲೇಬೇಕು. ಇಲ್ಲದಿದ್ದರೆ ‘ನ್ನ’, ‘ಟ್ಟ’ಗಳ ಒತ್ತು ಕೆಳಸಾಲಿಗೆ ತಾಗುತ್ತದೆ. ಕೆಳಗಿನ 3 ಅಡಿ ಬರೀ ಹಳದಿ, ಅದನ್ನು ಮೇಜು ಮರೆಮಾಡುತ್ತದೆ. ಕ್ಯೂಆರ್ ಕೋಡ್ ಇಲ್ಲಿ ಬೇಡ, ಮೇಜಿನ ಮೇಲಿನ ಸ್ಟ್ಯಾಂಡಿಗೆ.

ಮುಂಬಟ್ಟೆ: 6 ಅಡಿ × 2.5 ಅಡಿ. ವೆಲ್ಕ್ರೊ ಹೊಲಿಯಲು ಮೇಲ್ಗಡೆ 4 ಇಂಚು ಹೆಚ್ಚುವರಿ ಬಟ್ಟೆ. ಮೇಲಿನ 10 ಇಂಚಿನೊಳಗೆ ಒಂದೇ ಸಾಲು:

ಬುಗುರಿ 60 ರೂ.ನಿಂದ · ಸಗಟು ದರ ಕೇಳಿ